ಕೋಚಿಂಗ್ ಮುಗಿಯಿತು, ವಿಡಿಯೊ ಉಳಿಯಿತು

‘ನಮ್ಮ ಮಗಳ ಎಲ್ಲ ಮಾಹಿತಿಯನ್ನೂ ದಯವಿಟ್ಟು ಅಳಿಸಿಹಾಕಿ.’ ಆನ್‌ಲೈನ್ ಕೋಚಿಂಗ್ ಬಿಡಿಸಿದ ಪೋಷಕರು ಕಂಪನಿಗೆ ಬರೆಯುವ ಪತ್ರ ಹೆಚ್ಚಾಗಿ ಈ ಒಂದು ಸಾಲಿನಲ್ಲೇ ಮುಗಿದುಹೋಗುತ್ತದೆ. ಕಂಪನಿಯ ಉತ್ತರವೂ ಅಷ್ಟೇ ಚುಟುಕು: ‘ನಿಮ್ಮ ಖಾತೆಯನ್ನು ನಿಷ್ಕ್ರಿಯಗೊಳಿಸಲಾಗಿದೆ.’ ಕೆಲಸ ಆಯಿತೆಂದು ಪೋಷಕರು ನಿಟ್ಟುಸಿರು ಬಿಡುತ್ತಾರೆ. ಆಗಿರುವುದಿಲ್ಲ. ಖಾತೆ ನಿಷ್ಕ್ರಿಯವಾಯಿತು ಎಂದರೆ ಮನೆಗೆ ಬೀಗ ಬಿತ್ತು ಎಂದಷ್ಟೇ ಅರ್ಥ. ಸಾಮಾನೆಲ್ಲ ಒಳಗೇ ಇರುತ್ತದೆ, ಬೀಗದ ಕೈ ಕಂಪನಿಯ ಬಳಿ ಇರುತ್ತದೆ.

ಕೇಳಿದ್ದೊಂದು, ಆದದ್ದೊಂದು ಆಗಲು ಕಾರಣ ಕಂಪನಿಯ ಕಳ್ಳಾಟವೇ ಆಗಿರಬೇಕೆಂದಿಲ್ಲ. ತರಗತಿಯ ವಿಡಿಯೊ, ಮಗುವಿನ ಪ್ರೊಫೈಲ್, ಹಣ ಕಟ್ಟಿದ ವಿವರ ಈ ಮೂರೂ ಬೇರೆ ಬೇರೆ ಕಡೆ, ಬೇರೆ ಬೇರೆಯವರ ಕೈಯಲ್ಲಿ, ಬೇರೆ ಬೇರೆ ಕಾನೂನಿನ ಅಡಿಯಲ್ಲಿ ಇರುತ್ತವೆ. ಒಂದನ್ನು ಪೂರ್ತಿ ಅಳಿಸಬಹುದು, ಇನ್ನೊಂದನ್ನು ಅರ್ಧ ಅಳಿಸಬಹುದು, ಮತ್ತೊಂದನ್ನು ಅಳಿಸಿದರೆ ಕಂಪನಿಯೇ ತಪ್ಪಿತಸ್ಥನಾಗುತ್ತದೆ. ‘ಎಲ್ಲ’ ಎಂದು ಬರೆದರೆ ಯಾವುದೂ ಸ್ಪಷ್ಟವಾಗುವುದಿಲ್ಲ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಹಾಸನದ ಒಬ್ಬ ತಾಯಿ ಎಂಟನೇ ತರಗತಿಯ ಮಗಳನ್ನು ಗಣಿತದ ಲೈವ್ ಕೋಚಿಂಗಿಗೆ ಸೇರಿಸಿದ್ದಾರೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 36,000 ರೂಪಾಯಿ. 12,000 ಮೊದಲೇ ಕಾರ್ಡಿನಲ್ಲಿ ಕಟ್ಟಿದ್ದಾರೆ, ಉಳಿದದ್ದು ತಿಂಗಳಿಗೆ 3,000ದಂತೆ ಎಂಟು ಕಂತು. ವಾರಕ್ಕೆ ಮೂರು ಗುಂಪು ತರಗತಿ, ಒಂದು ಒಬ್ಬರಿಗೊಬ್ಬರ ‘ಡೌಟ್’ ತರಗತಿ. ವರ್ಷ ಮುಗಿದು ಕಂತುಗಳೂ ತೀರಿದ ಮೇಲೆ ಮಗಳು ‘ಸಾಕಮ್ಮ’ ಎಂದಳು. ಕೆಲವು ವಾರದ ನಂತರ ಅಕ್ಕನ ಮನೆಯಲ್ಲಿ ಅದೇ ಕಂಪನಿಯ ಡೆಮೊ ವಿಡಿಯೊ ನೋಡುತ್ತಿದ್ದಾಗ ಮೂಲೆಯ ಚಿಕ್ಕ ಚೌಕದಲ್ಲಿ ಮಗಳ ಮುಖ, ಕೆಳಗೆ ಅವಳ ಪೂರ್ಣ ಹೆಸರು ಕಾಣಿಸಿತು.

ಪತ್ರ ಬರೆಯುವ ಮೊದಲು ಆಕೆ ಮಾಡಬೇಕಾದ ಕೆಲಸವೊಂದಿದೆ. ಸಿಟ್ಟಿನಲ್ಲಿ ಹೆಚ್ಚಿನವರು ಇದನ್ನೇ ಮರೆಯುತ್ತಾರೆ. ಆ್ಯಪಿನ ಒಳಗೆ ಹೋಗಿ ಬಿಲ್‌ಗಳು, ಪ್ರಮಾಣಪತ್ರ, ಅಂಕಪಟ್ಟಿ ಎಲ್ಲವನ್ನೂ ಇಳಿಸಿಕೊಳ್ಳಬೇಕು. ತರಗತಿಗಳ ಪಟ್ಟಿಯನ್ನು ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು. ಡೆಮೊ ವಿಡಿಯೊದ ಕೊಂಡಿಯನ್ನೂ, ಮಗಳ ಮುಖ ಎಷ್ಟನೇ ನಿಮಿಷದಲ್ಲಿ ಕಾಣುತ್ತದೆ ಎನ್ನುವುದನ್ನೂ ಬರೆದಿಟ್ಟುಕೊಳ್ಳಬೇಕು. ಖಾತೆಯನ್ನು ಮೊದಲೇ ಅಳಿಸಿಬಿಟ್ಟರೆ, ಆ ಮಗುವಿನ ತಾಯಿ ತಾನೇ ಎಂದು ತೋರಿಸುವ ದಾರಿಯೂ ಅದರ ಜೊತೆಗೇ ಹೋಗುತ್ತದೆ.

ನೋಂದಾಯಿಸಿದ ಮೊಬೈಲ್ ಸಂಖ್ಯೆ ಯಾರದ್ದು ಎನ್ನುವುದನ್ನೂ ನೋಡಿಕೊಳ್ಳಬೇಕು. ನಮ್ಮ ಮನೆಗಳಲ್ಲಿ ಡೆಮೊಗೆ ಅಪ್ಪನ ನಂಬರ್, ಹಣಕ್ಕೆ ಅಮ್ಮನ ಕಾರ್ಡ್, ಇಮೇಲ್ ಅಣ್ಣನದ್ದು ಇರುವುದು ಮಾಮೂಲು. ನೋಂದಣಿಯಾಗಿರದ ಇಮೇಲಿನಿಂದ ಪತ್ರ ಹೋದರೆ ‘ನೀವು ಯಾರೆಂದು ಖಚಿತವಾಗಿಲ್ಲ’ ಎಂದು ಕಂಪನಿ ತಳ್ಳಿಹಾಕಬಹುದು, ಅದು ಸರಿಯೂ ಹೌದು. ಇಲ್ಲದಿದ್ದರೆ ಯಾರು ಬೇಕಾದರೂ ಯಾರ ಮಗುವಿನ ದಾಖಲೆಯನ್ನಾದರೂ ಕೇಳಬಹುದಲ್ಲ! ನೋಂದಾಯಿತ ಇಮೇಲಿನಿಂದಲೇ ಕಳಿಸಿ, ಆ ಮೊಬೈಲಿಗೆ ಒಟಿಪಿ ಕಳಿಸಿ ಖಚಿತಪಡಿಸಿಕೊಳ್ಳಿ ಎಂದರೆ ಸಾಕು. ಮಾಹಿತಿ ಅಳಿಸಿ ಎಂದು ಕೇಳಲು ಮಗುವಿನ ಆಧಾರ್ ಪ್ರತಿ ಕಳಿಸುವುದು ಇನ್ನೊಂದು ದಾಖಲೆಯನ್ನು ಅವರ ಕೈಗೆ ಕೊಟ್ಟಂತೆ.

ಇಷ್ಟಾದ ಮೇಲೆ ಪತ್ರ. ಅದು ಸುಮಾರಾಗಿ ಹೀಗಿರಬಹುದು:

‘ಕುಂದುಕೊರತೆ ಅಧಿಕಾರಿಯವರಿಗೆ,

ವಿಷಯ: ಮಗಳ ಮಾಹಿತಿ ಬಳಕೆಗೆ ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಂಡು, ಮಾಹಿತಿಯನ್ನು ಅಳಿಸಲು ಕೋರಿಕೆ.

ಮಾನ್ಯರೇ, ನಿಮ್ಮಲ್ಲಿ ಎಂಟನೇ ತರಗತಿ ಗಣಿತ ಬ್ಯಾಚಿನಲ್ಲಿ ಕಲಿತ ವಿದ್ಯಾರ್ಥಿನಿಯ ತಾಯಿ ನಾನು. ವಿದ್ಯಾರ್ಥಿ ಸಂಖ್ಯೆ ಮತ್ತು ನೋಂದಾಯಿತ ಮೊಬೈಲಿನ ಕೊನೆಯ ನಾಲ್ಕು ಅಂಕಿ ಕೆಳಗಿವೆ. ಮಗಳಿಗೆ ಹದಿನೆಂಟು ತುಂಬಿಲ್ಲ. ಅವಳ ಪರವಾಗಿ ಕೊಟ್ಟಿದ್ದ ಒಪ್ಪಿಗೆಯನ್ನು ಇಂದಿನಿಂದ ಹಿಂತೆಗೆದುಕೊಂಡಿದ್ದೇನೆ.

ಒಂದು, ವಿಡಿಯೊ. ಜೊತೆಗಿರುವ ಪಟ್ಟಿಯ ಡೌಟ್ ತರಗತಿಗಳ ರೆಕಾರ್ಡಿಂಗನ್ನು, ಅವುಗಳ ಧ್ವನಿ ಕಡತ, ಚಾಟ್ ಮತ್ತು ಲಿಖಿತ ಪ್ರತಿ ಸಮೇತ ಅಳಿಸಿ. ಗುಂಪು ತರಗತಿಗಳಲ್ಲಿ ಅವಳ ಮುಖ, ಧ್ವನಿ, ಹೆಸರನ್ನು ತೆಗೆಯಿರಿ. ತೆಗೆಯಲಾಗದಿದ್ದರೆ ಆ ರೆಕಾರ್ಡಿಂಗನ್ನೇ ತೆಗೆಯಿರಿ. ಡೆಮೊ ವಿಡಿಯೊವನ್ನು ತಕ್ಷಣ ಹಿಂತೆಗೆಯಿರಿ. ಅದನ್ನು ಜಾಹೀರಾತಿಗೆ ಬಳಸಲು ನಾವು ಲಿಖಿತ ಒಪ್ಪಿಗೆ ಕೊಟ್ಟಿಲ್ಲ.

ಎರಡು, ಪ್ರೊಫೈಲ್. ಹೆಸರು, ಫೋಟೊ, ಶಾಲೆ, ಪರೀಕ್ಷೆಯ ಅಂಕ, ಶಿಕ್ಷಕರ ಮತ್ತು ಮಾರಾಟ ಸಿಬ್ಬಂದಿಯ ಟಿಪ್ಪಣಿಗಳನ್ನು ಅಳಿಸಿ. ಇವನ್ನು ಪಡೆದ ಹೊರಗಿನ ಸಂಸ್ಥೆಗಳಿಗೂ ಅಳಿಸಲು ಹೇಳಿ.

ಮೂರು, ಹಣದ ವಿವರ. ಉಳಿಸಿಕೊಂಡ ಕಾರ್ಡ್ ಟೋಕನ್, ಯುಪಿಐ ವಿಳಾಸ ಮತ್ತು ಸ್ವಯಂ ನವೀಕರಣವನ್ನು ತೆಗೆಯಿರಿ. ತೆರಿಗೆ ಲೆಕ್ಕಕ್ಕೆ ಇಡಲೇಬೇಕಾದ ಬಿಲ್ಲನ್ನು ಅಳಿಸಿ ಎಂದು ಕೇಳುತ್ತಿಲ್ಲ.

ಏನನ್ನು ಯಾವ ದಿನ ಅಳಿಸಿದಿರಿ, ಏನನ್ನು ಉಳಿಸಿಕೊಂಡಿರಿ, ಯಾವ ಕಾನೂನಿನ ಪ್ರಕಾರ, ಎಲ್ಲಿಯವರೆಗೆ ಎಂದು ಒಂದು ತಿಂಗಳೊಳಗೆ ಲಿಖಿತವಾಗಿ ತಿಳಿಸಿ.’

ಪತ್ರದ ಜೀವ ಇರುವುದು ಆ ಕೊನೆಯ ಸಾಲಿನಲ್ಲಿ. ‘ಅಳಿಸಿ’ ಎಂದರೆ ‘ಆಯಿತು’ ಎಂದು ಉತ್ತರಿಸುವುದು ಸುಲಭ. ‘ಏನು ಉಳಿಯಿತು’ ಎಂದು ಕೇಳಿದರೆ ಯಾರಾದರೂ ಒಬ್ಬರು ಕೂತು ಹುಡುಕಲೇಬೇಕಾಗುತ್ತದೆ.

ವಿಡಿಯೊದ ವಿಷಯವೇ ಎಲ್ಲಕ್ಕಿಂತ ತೊಡಕಿನದು. ಪೋಷಕರ ಕಣ್ಣಿಗೆ ಅದು ಒಂದು ವಿಡಿಯೊ. ಕಂಪನಿಯ ಕಡೆ ಅದು ಹಲವು ಕಡತಗಳ ಗುಚ್ಛ. ಜೂಮ್‌ನಂಥ ಸೇವೆಯ ಕ್ಲೌಡ್ ರೆಕಾರ್ಡಿಂಗಿನಲ್ಲಿ ಒಂದೇ ತರಗತಿಗೆ ಮಾತನಾಡುತ್ತಿರುವವರ ದೃಶ್ಯ, ಎಲ್ಲರ ಮುಖಗಳ ಗ್ಯಾಲರಿ ದೃಶ್ಯ, ಬರಿಯ ಧ್ವನಿ, ಚಾಟ್, ಮಾತಿನ ಲಿಖಿತ ಪ್ರತಿ ಹೀಗೆ ಬೇರೆ ಬೇರೆ ಕಡತಗಳು ತಯಾರಾಗಬಹುದು. ವಿಡಿಯೊ ಅಳಿಸಿದ ಸಿಬ್ಬಂದಿಗೆ ಧ್ವನಿ ಮತ್ತು ಚಾಟ್ ನೆನಪಾಗದೆ ಇರಬಹುದು. ಅಲ್ಲಿ ಅಳಿಸಿದ್ದೂ ಮೊದಲು ಕಸದಬುಟ್ಟಿಗೆ ಹೋಗಿ 30 ದಿನ ಕೂತಿರುತ್ತದೆ. ಅಷ್ಟರಲ್ಲಿ ಅದೇ ತರಗತಿಯ ಪ್ರತಿಯೊಂದು ಕಂಪನಿಯ ಸ್ವಂತ ಸಂಗ್ರಹದಲ್ಲಿ, ಮತ್ತೊಂದು ಯೂಟ್ಯೂಬಿನಲ್ಲಿ ಕೊಂಡಿ ಇದ್ದವರಿಗಷ್ಟೇ ಕಾಣುವ ವಿಡಿಯೊ ಆಗಿ, ಇನ್ನೊಂದು ತರಗತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಇರಬಹುದು. ಕಂಪನಿಯ ಬ್ಯಾಕಪ್ ಪ್ರತಿಗಳು ಬೇರೆ. ಅವುಗಳೊಳಗಿಂದ ಒಂದು ಮಗುವಿನ ಕಡತವನ್ನಷ್ಟೇ ಹೆಕ್ಕಿ ತೆಗೆಯುವುದು ಕಷ್ಟ. ಹೊಸ ಬ್ಯಾಕಪ್ ಬಂದು ಹಳೆಯದು ಹೋಗುವವರೆಗೆ ಕಾಯಬೇಕಾಗುತ್ತದೆ. ಅದಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳುವುದು ನ್ಯಾಯ, ಇವತ್ತೇ ಆಗಬೇಕೆಂದು ಪಟ್ಟು ಹಿಡಿಯುವುದು ವ್ಯರ್ಥ.

ಒಬ್ಬರಿಗೊಬ್ಬರ ಡೌಟ್ ತರಗತಿಯನ್ನು ಅಳಿಸಲು ಕಂಪನಿಗೆ ನೆಪವೇ ಇಲ್ಲ. ಅದು ಆ ಮಗುವಿಗಾಗಿ ನಡೆದದ್ದು, ಮಗು ಬಿಟ್ಟ ಮೇಲೆ ಅದರ ಉದ್ದೇಶವೂ ಮುಗಿಯಿತು. ಗುಂಪು ತರಗತಿಯಲ್ಲಿ ಮಾತ್ರ ಎರಡೂ ಕಡೆ ನ್ಯಾಯವಿದೆ. ಪಾಠದ ಹಕ್ಕುಸ್ವಾಮ್ಯ ತನ್ನದು, ಉಳಿದ ಮಕ್ಕಳು ಪರೀಕ್ಷೆಗೆ ಅದನ್ನೇ ನೋಡಿ ಓದುತ್ತಾರೆ ಎಂದು ಕಂಪನಿ ಹೇಳುತ್ತದೆ. ಪಾಠದ ಹಕ್ಕು ಕಂಪನಿಯದ್ದೇ ಇರಬಹುದು, ಆದರೆ ಮಗುವಿನ ಮುಖ ಪಾಠದ ಭಾಗವಲ್ಲ. ಮುಖಗಳ ಪಟ್ಟಿಯನ್ನು ಕತ್ತರಿಸಿ ಶಿಕ್ಷಕರ ಪರದೆಯನ್ನಷ್ಟೇ ಉಳಿಸುವುದು, ಮಗು ಮಾತನಾಡಿದ ಕಡೆ ಧ್ವನಿ ಅಡಗಿಸುವುದು, ಹೆಸರನ್ನು ಮಸುಕು ಮಾಡುವುದು ಮಾಮೂಲಿ ಸಂಕಲನದ ಕೆಲಸ. ಆದರೆ ನೂರಾರು ಗಂಟೆಯ ರೆಕಾರ್ಡಿಂಗನ್ನು ಒಬ್ಬ ವಿದ್ಯಾರ್ಥಿಗಾಗಿ ಕೂತು ನೋಡುವವರು ಯಾರೂ ಇಲ್ಲ. ದಿನಾಂಕ, ಸಮಯದ ಪಟ್ಟಿ ಕೈಗೆ ಕೊಟ್ಟರೆ ಕೆಲಸ ಆಗುವ ಸಾಧ್ಯತೆ ಹೆಚ್ಚು.

ಡೆಮೊ ವಿಡಿಯೊದ ಮಟ್ಟಿಗೆ ತಾಯಿಯ ಕೈಯಲ್ಲಿ ಬಲವಾದ ಅಸ್ತ್ರವಿದೆ. ಕೋಚಿಂಗ್ ಕ್ಷೇತ್ರದ ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ವಿದ್ಯಾರ್ಥಿಯ ಹೆಸರು, ಫೋಟೊ, ವಿಡಿಯೊ, ಹೊಗಳಿಕೆಯ ಮಾತನ್ನು ಲಿಖಿತ ಒಪ್ಪಿಗೆ ಇಲ್ಲದೆ ಜಾಹೀರಾತಿಗೆ ಬಳಸುವಂತಿಲ್ಲ ಎನ್ನುತ್ತದೆ ಅದು. ಒಪ್ಪಿಗೆಯನ್ನು ಪಡೆಯಬೇಕಾದದ್ದು ವಿದ್ಯಾರ್ಥಿ ಪರೀಕ್ಷೆಯಲ್ಲಿ ಯಶಸ್ವಿಯಾದ ಮೇಲೆ. ಸೇರುವಾಗಲೇ ಅರ್ಜಿಯ ಮೂಲೆಯಲ್ಲಿ ಸಹಿ ಹಾಕಿಸಿಕೊಂಡದ್ದು ನಡೆಯುವುದಿಲ್ಲ. ವಿಡಿಯೊ ಯೂಟ್ಯೂಬಿನಲ್ಲಿದ್ದರೆ ಅಲ್ಲಿನ ಖಾಸಗಿತನದ ದೂರು ವ್ಯವಸ್ಥೆಯಲ್ಲಿ ಪೋಷಕರು ಮಗುವಿನ ಪರವಾಗಿ ನೇರವಾಗಿಯೂ ದೂರು ಕೊಡಬಹುದು.

ಪ್ರೊಫೈಲಿನ ಕತೆ ಬೇರೆ. ಪೋಷಕರಿಗೆ ಕಾಣುವುದು ಹೆಸರು, ಫೋಟೊ, ಅಂಕ. ಕಾಣದಿರುವುದು ಮಾರಾಟ ವಿಭಾಗದ ಪುಸ್ತಕ. ಡೆಮೊ ದಿನ ಫೋನ್ ಮಾಡಿದ ‘ಕೌನ್ಸೆಲರ್’ ಮಗು ಯಾವುದರಲ್ಲಿ ಹಿಂದಿದೆ, ಅಪ್ಪನ ಕೆಲಸವೇನು, ಮತ್ತೆ ಯಾವಾಗ ಕರೆ ಮಾಡಬೇಕು ಎಂದೆಲ್ಲ ಬರೆದುಕೊಂಡಿರಬಹುದು. ಆ ಪುಸ್ತಕ ಬೇರೊಂದು ತಂತ್ರಾಂಶದಲ್ಲಿ, ಕೆಲವೊಮ್ಮೆ ಬೇರೊಂದು ಕಂಪನಿಯ ಬಳಿ ಇರುತ್ತದೆ. ಆ್ಯಪಿನ ‘ಡಿಲೀಟ್ ಅಕೌಂಟ್’ ಗುಂಡಿ ಅಲ್ಲಿಯವರೆಗೆ ಮುಟ್ಟದೇ ಇರಬಹುದು. ಆದರೂ ಆ ಗುಂಡಿಯನ್ನು ಹುಡುಕಿಟ್ಟುಕೊಳ್ಳುವುದು ಒಳ್ಳೆಯದು. ಖಾತೆ ತೆರೆಯಲು ಅವಕಾಶ ಕೊಡುವ ಆ್ಯಪ್ ಅದನ್ನು ಅಳಿಸುವ ದಾರಿಯನ್ನೂ ಕೊಡಬೇಕೆಂದು ಆ್ಯಪಲ್ 2022ರಿಂದ ಕಡ್ಡಾಯ ಮಾಡಿದೆ. ನಂತರ ಗೂಗಲ್ ಪ್ಲೇ ಕೂಡ ಅದೇ ನಿಯಮ ತಂದಿತು. ಆ್ಯಪನ್ನು ಫೋನಿನಿಂದ ತೆಗೆದುಹಾಕಿದವರೂ ಕೋರಿಕೆ ಸಲ್ಲಿಸಲು ಆಗುವಂತೆ ಜಾಲತಾಣದ ಕೊಂಡಿಯನ್ನೂ ಕೊಡಬೇಕೆನ್ನುತ್ತದೆ ಗೂಗಲ್.

ಹಳೆಯ ಪ್ರೊಫೈಲ್ ಅಲ್ಲೇ ಬಿದ್ದಿದ್ದರೆ ಏನು ನಷ್ಟ ಎಂದು ಕೇಳುವವರಿದ್ದಾರೆ. ಬೆಂಗಳೂರಿನದೇ ಉದಾಹರಣೆ ಇದೆ. 2020ರ ಮೇ ತಿಂಗಳಲ್ಲಿ ಅನ್‌ಅಕಾಡೆಮಿಯ ಬಳಕೆದಾರರ ಮಾಹಿತಿ ಕಳ್ಳಸಂತೆಯಲ್ಲಿ ಮಾರಾಟಕ್ಕಿರುವುದನ್ನು ಸೈಬಲ್ ಎಂಬ ಸೈಬರ್ ಭದ್ರತಾ ಸಂಸ್ಥೆ ಬಯಲಿಗೆಳೆಯಿತು. ಸುಮಾರು 2.2 ಕೋಟಿ ದಾಖಲೆಗಳಿವೆ ಎಂದು ಆ ಸಂಸ್ಥೆ ಹೇಳಿತು; ಸುಮಾರು 1.1 ಕೋಟಿ ಕಲಿಕಾರ್ಥಿಗಳ ಮೂಲ ವಿವರಗಳಷ್ಟೇ ಸೋರಿವೆ, ಹಣಕಾಸಿನ ಮಾಹಿತಿ ಸೋರಿಲ್ಲ ಎಂದು ಕಂಪನಿ ಹೇಳಿತು. ಯಾರ ಲೆಕ್ಕ ಹಿಡಿದರೂ, ಅಂಥ ಸಂಗ್ರಹ ಸೋರುವಾಗ ಈಗ ಕಲಿಯುತ್ತಿರುವವರು, ಎಂದೋ ಬಿಟ್ಟುಹೋದವರು ಎಂಬ ಭೇದ ಇರುವುದಿಲ್ಲ. ಅಮೆರಿಕದ ಎಡ್ಮೊಡೊ ಎಂಬ ಶಿಕ್ಷಣ ವೇದಿಕೆಗೆ ಅಲ್ಲಿನ ವ್ಯಾಪಾರ ಆಯೋಗ 2023ರಲ್ಲಿ 60 ಲಕ್ಷ ಡಾಲರ್ ದಂಡ ಗೊತ್ತುಮಾಡಿದಾಗ, ಮಕ್ಕಳ ಮಾಹಿತಿಯನ್ನು ಅಗತ್ಯಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡದ್ದೂ ಆರೋಪಗಳಲ್ಲಿ ಒಂದಾಗಿತ್ತು.

ಇನ್ನು ಹಣ. ಇಲ್ಲಿ ಪೋಷಕರ ಭಯ ಒಂದು ಕಡೆ, ನಿಜವಾದ ಅಪಾಯ ಇನ್ನೊಂದು ಕಡೆ. ‘ನನ್ನ ಕಾರ್ಡ್ ನಂಬರ್ ಅಳಿಸಿ’ ಎಂದು ಕೇಳುತ್ತಾರೆ. ಆದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಪೂರ್ಣ ಕಾರ್ಡ್ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ. ಅವರ ಬಳಿ ಇರುವುದು ಅದರ ಬದಲಿ ಸಂಕೇತವಾದ ಟೋಕನ್ ಮತ್ತು ಕೊನೆಯ ನಾಲ್ಕು ಅಂಕಿ. ಟೋಕನನ್ನು ಕಾರ್ಡ್ ಕೊಟ್ಟ ಬ್ಯಾಂಕಿನ ಮೂಲಕವೂ ರದ್ದು ಮಾಡಿಸಬಹುದು, ಕಂಪನಿಯ ದಯೆಗೆ ಕಾಯಬೇಕಿಲ್ಲ. ಯುಪಿಐ ಆಟೊಪೇ ಕೊಟ್ಟಿದ್ದರೆ ಅದೂ ಹಾಗೆಯೇ. ಹಣ ಕಳಿಸುವ ಆ್ಯಪಿನ ಆಟೊಪೇ ಪಟ್ಟಿಯಲ್ಲಿ ಕಂಪನಿಯ ಹೆಸರು ಹುಡುಕಿ ನಾವೇ ರದ್ದು ಮಾಡಬಹುದು. ಪತ್ರ ಕಳಿಸುವ ಮುಂಚೆಯೇ ಇದನ್ನು ಮುಗಿಸಿಬಿಡುವುದು ಜಾಣತನ.

ಆದರೆ ಕಂತು ಎಂದರೆ ಹುಷಾರಾಗಿರಬೇಕು. ತಿಂಗಳ ‘ಕಂತು’ ಎಂದು ಕಂಪನಿ ಕರೆದದ್ದು ಹಲವು ಸಲ ಬೇರೊಂದು ಹಣಕಾಸು ಸಂಸ್ಥೆಯ ಸಾಲವಾಗಿರುತ್ತದೆ. ಸಹಿ ಹಾಕಿದವರು ತಾಯಿ, ಸಾಲ ತಾಯಿಯ ಹೆಸರಲ್ಲಿ. ಕೋಚಿಂಗ್ ಪ್ರೊಫೈಲ್ ಅಳಿಸಿದರೆ ಸಾಲ ತೀರುವುದಿಲ್ಲ. ಸಾಲ ಇನ್ನೂ ಬಾಕಿಯಿರುವಾಗ ಬ್ಯಾಂಕಿನಲ್ಲಿ ಕಂತಿನ ಆದೇಶವನ್ನಷ್ಟೇ ನಿಲ್ಲಿಸಿದರೆ ದಂಡ ಬೀಳುತ್ತದೆ, ಸಾಲದ ಅಂಕಕ್ಕೂ ಪೆಟ್ಟು. ನಮ್ಮ ಹಾಸನದ ತಾಯಿಯ ಕಂತುಗಳು ತೀರಿವೆ. ಸಾಲ ಕೊಟ್ಟ ಸಂಸ್ಥೆಯಿಂದ ‘ಬಾಕಿ ಇಲ್ಲ’ ಎಂಬ ಪತ್ರ ಪಡೆದುಕೊಂಡೇ ಅವರು ಮುಂದಿನ ಹೆಜ್ಜೆ ಇಡಬೇಕು. ಆ ಸಂಸ್ಥೆ ಪಡೆದ ಗುರುತಿನ ದಾಖಲೆಗಳು, ಸಂಬಂಧ ಮುಗಿದ ಮೇಲೂ ಐದು ವರ್ಷ ಅಲ್ಲೇ ಇರಬೇಕೆನ್ನುತ್ತದೆ ಅಕ್ರಮ ಹಣ ವರ್ಗಾವಣೆ ತಡೆ ಕಾನೂನು.

ಕಂಪನಿಯ ಬಿಲ್ಲೂ ಹಾಗೆಯೇ. ಜಿಎಸ್‌ಟಿ ಕಾನೂನಿನ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕು. 2024-25ರ ಬಿಲ್ ಎಂದರೆ ಆ ದಿನ 2025ರ ಡಿಸೆಂಬರ್ 31, ಅಲ್ಲಿಂದ ಆರು ವರ್ಷ ಲೆಕ್ಕ ಹಾಕಿದರೆ 2031ರ ಕೊನೆ. ಕಂಪನಿ ಕಾಯ್ದೆಯಲ್ಲಿ ಲೆಕ್ಕಪುಸ್ತಕಕ್ಕೆ ಎಂಟು ಹಣಕಾಸು ವರ್ಷಗಳ ಗಡುವಿದೆ. ಇದನ್ನು ಒಪ್ಪಿಕೊಂಡೇ ಪತ್ರ ಬರೆದರೆ ‘ಕಾನೂನಿನ ಪ್ರಕಾರ ಅಳಿಸಲಾಗದು’ ಎಂಬ ಒಂದೇ ಉತ್ತರದ ಹಿಂದೆ ವಿಡಿಯೊ, ಪ್ರೊಫೈಲನ್ನೂ ಬಚ್ಚಿಡಲು ಕಂಪನಿಗೆ ಆಗುವುದಿಲ್ಲ. ಬಿಲ್ಲಿಗೆ ಬೇಕಾದದ್ದು ಹಣ ಕಟ್ಟಿದವರ ಹೆಸರು, ಮೊತ್ತ, ತೆರಿಗೆ. ಮಗಳ ಫೋಟೊ ಬೇಕಿಲ್ಲ, ಬೀಜಗಣಿತದ ಅಂಕವೂ ಬೇಕಿಲ್ಲ.

ಇಷ್ಟೆಲ್ಲ ಕೇಳಲು ಕಾನೂನಿನ ಆಧಾರವೇನು? ಉತ್ತರ ಸ್ವಲ್ಪ ಗೋಜಲು, ಯಾಕೆಂದರೆ ನಾವೀಗ ಎರಡು ಕಾನೂನುಗಳ ನಡುವಿನ ಕಾಲದಲ್ಲಿದ್ದೇವೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿತು. ಅದರ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಹದಿನೆಂಟು ತುಂಬದವರೆಲ್ಲ ಅದರ ಕಣ್ಣಲ್ಲಿ ಮಕ್ಕಳು. ಅವರ ಹಕ್ಕನ್ನು ಪೋಷಕರು ಚಲಾಯಿಸಬಹುದು. ಒಪ್ಪಿಗೆ ಕೊಡುವುದು ಎಷ್ಟು ಸುಲಭವಿತ್ತೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಿರಬೇಕು. ಒಪ್ಪಿಗೆ ಕೇಳುವ ತಿಳಿವಳಿಕೆಯನ್ನು ಕನ್ನಡದಲ್ಲೂ ಓದಲು ಅವಕಾಶ ಇರಬೇಕು. ಮಕ್ಕಳ ಮಾಹಿತಿಯ ವಿಷಯದಲ್ಲಿ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ. ಆ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ, ಮಗುವಿನ ಮನೆಗಲ್ಲ ಎನ್ನುವುದನ್ನೂ ಹೇಳಬೇಕು.

ಆದರೆ ಈ ಕಾಯ್ದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಅಳಿಸುವ ಹಕ್ಕೂ ಸೇರಿದಂತೆ ಮುಖ್ಯ ಭಾಗಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಯಿತು. ಆ ಪ್ರಕಟಣೆಯ ಲೆಕ್ಕದಲ್ಲಿ ಅವು ಜಾರಿಯಾಗುವುದು 2027ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಕೈಗೆ ಸಿಗುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 2011ರ ನಿಯಮಗಳು ಮತ್ತು 2020ರ ಇ-ವಾಣಿಜ್ಯ ಗ್ರಾಹಕ ನಿಯಮಗಳು. ಮೊದಲನೆಯದು ಒಪ್ಪಿಗೆಯನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಲು ಬಿಡುತ್ತದೆ, ಆದರೆ ಅದರ ಗಮನವೆಲ್ಲ ಪಾಸ್‌ವರ್ಡ್, ಬ್ಯಾಂಕ್ ಮತ್ತು ಕಾರ್ಡ್ ವಿವರದಂಥ ಸೂಕ್ಷ್ಮ ಮಾಹಿತಿಯ ಮೇಲೆ. ಎರಡನೆಯದರ ಪ್ರಕಾರ ಕುಂದುಕೊರತೆ ಅಧಿಕಾರಿ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಪತ್ರದಲ್ಲಿ ತಿಂಗಳ ಗಡುವು ಬಂದದ್ದು ಇದರಿಂದಲೇ. ಹೊಸ ನಿಯಮಗಳು ಪೂರ್ತಿ ಜಾರಿಯಾದ ಮೇಲೆ ಕುಂದುಕೊರತೆಗೆ ಉತ್ತರಿಸಲು ಕಂಪನಿಗೆ 90 ದಿನದವರೆಗೆ ಸಮಯವಿರುತ್ತದೆ; ಕೆಲವು ದಾಖಲೆಗಳನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕೆಂಬ ಷರತ್ತೂ ಬರುತ್ತದೆ. ಹೊಸ ಕಾನೂನು ಬಂದೊಡನೆ ಎಲ್ಲವೂ ಮರುದಿನವೇ ಮಾಯವಾಗುತ್ತದೆ ಎಂದು ಕಾಯುವವರಿಗೆ ಇದು ಗೊತ್ತಿರಲಿ.

ಕಂಪನಿ ‘ಅಳಿಸಿದ್ದೇವೆ’ ಎಂದು ಬರೆದ ಮೇಲೆ ಪರೀಕ್ಷಿಸುವುದು ಕಷ್ಟವಲ್ಲ. ಹಳೆಯ ಮೊಬೈಲ್ ಸಂಖ್ಯೆಯಿಂದ ಲಾಗಿನ್ ಆಗಲು ಯತ್ನಿಸಿ. ಹೊಸಬರಂತೆ ಹೆಸರು, ತರಗತಿ ಕೇಳಿದರೆ ಖಾತೆ ಹೋಗಿದೆ ಎನ್ನಬಹುದು. ಮಗಳ ಹೆಸರಿನಿಂದ ಸ್ವಾಗತಿಸಿದರೆ ಹೋಗಿಲ್ಲ. ತೆಗೆದಿಟ್ಟುಕೊಂಡ ವಿಡಿಯೊ ಕೊಂಡಿಗಳನ್ನು ಲಾಗಿನ್ ಇಲ್ಲದ ಬ್ರೌಸರಿನಲ್ಲಿ ತೆರೆಯಿರಿ, ಒಂದು ತಿಂಗಳು ಬಿಟ್ಟು ಮತ್ತೊಮ್ಮೆ ತೆರೆಯಿರಿ. ಮಾರ್ಚ್-ಏಪ್ರಿಲ್ ಹೊತ್ತಿಗೆ ‘ಮಗಳು ಒಂಬತ್ತನೇ ತರಗತಿಗೆ ಬಂದಳಲ್ಲ ಮೇಡಂ’ ಎಂಬ ಕರೆ ಬಂದರೆ ಮಾರಾಟ ವಿಭಾಗದ ಪುಸ್ತಕ ಹಾಗೇ ಇದೆ ಎಂದರ್ಥ. ಆ ಕರೆಯ ದಿನ, ಸಮಯ, ಸಂಖ್ಯೆಯೇ ಎರಡನೇ ಪತ್ರಕ್ಕೆ ಸಾಕ್ಷಿ.

ತಿಂಗಳಾದರೂ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಹೊಸ ಕಾಯ್ದೆ ಪೂರ್ತಿ ಜಾರಿಯಾದ ಮೇಲೆ ದತ್ತಾಂಶ ಸಂರಕ್ಷಣಾ ಮಂಡಳಿಯೂ ಇರುತ್ತದೆ, ಆದರೆ ಮೊದಲು ಕಂಪನಿಗೆ ಬರೆದು ನೋಡಿದವರ ದೂರನ್ನಷ್ಟೇ ಅದು ಕೈಗೆತ್ತಿಕೊಳ್ಳುತ್ತದೆ. ಕಂಪನಿಯೇ ದಿವಾಳಿ ಪ್ರಕ್ರಿಯೆಗೆ ಸಿಕ್ಕಿದ್ದರೆ ಪತ್ರದ ವಿಳಾಸವೂ ಬದಲಾಗುತ್ತದೆ. ಬೈಜೂಸ್‌ನ ಮಾತೃಸಂಸ್ಥೆ ಥಿಂಕ್ ಆ್ಯಂಡ್ ಲರ್ನ್ ವಿರುದ್ಧದ ಅರ್ಜಿಯನ್ನು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಜುಲೈನಲ್ಲಿ ವಿಚಾರಣೆಗೆ ಅಂಗೀಕರಿಸಿತು. ಅಂಥ ಸಂದರ್ಭದಲ್ಲಿ ಕಂಪನಿಯ ಆಡಳಿತ ನ್ಯಾಯಮಂಡಳಿ ನೇಮಿಸಿದ ಪರಿಹಾರ ವೃತ್ತಿಪರರ ಕೈಗೆ ಹೋಗುತ್ತದೆ. ಅವರ ಹೆಸರು, ಇಮೇಲ್ ಸಾರ್ವಜನಿಕ ಪ್ರಕಟಣೆಯಲ್ಲಿ ಇರುತ್ತದೆ. ಅದೇ ಪತ್ರ, ಅದೇ ಪಟ್ಟಿಯನ್ನು ಅವರಿಗೆ ಕಳಿಸಬೇಕು, ಆಸ್ತಿಪಾಸ್ತಿ ಮಾರಾಟದ ಮಾತುಕತೆ ಮುಗಿಯುವ ಮೊದಲೇ.